ಕೆಂಪು ಸೀರಮ್ಮಿನ 94

ಆ ಸ್ಯಾಂಪಲ್ ನನ್ನ ಕೈಗೆ ಬಂದಾಗ ಬೆಳಿಗ್ಗೆ 11 ಗಂಟೆ. ಖಾಲಿ ಹೊಟ್ಟೆಯ ಗ್ಲೂಕೋಸ್, ಫ್ಲೋರೈಡ್ ಹಾಕದ ಪ್ಲೇನ್ ಟ್ಯೂಬ್. ರಕ್ತ ತೆಗೆದದ್ದು 7.15ಕ್ಕೆ ಅಂತ ಚೀಟಿಯಲ್ಲಿತ್ತು. ಸೆಂಟ್ರಿಫ್ಯೂಜಿಗೆ ಹಾಕಿ ತೆಗೆದರೆ ಮೇಲೆ ನಿಂತ ಸೀರಮ್ ಹಳದಿ ಇರಲಿಲ್ಲ, ಕಡುಗೆಂಪಗಿತ್ತು. ಟ್ಯೂಬಿನ ಹಿಂದೆ ಅಚ್ಚಾದ ಕಾಗದ ಹಿಡಿದೆ, ಅಕ್ಷರವೇ ಕಾಣಲಿಲ್ಲ. ಒಳ್ಳೆ ಸೀರಮ್ ಆದರೆ ಅದರ ಮೂಲಕ ಅಕ್ಷರ ಆರಾಮಾಗಿ ಓದಬಹುದು.

ನಾನಾಗ ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಸ್ಯಾಂಪಲ್ ಬಂದಿದೆ, ಟೆಸ್ಟ್ ಮಾಡೋಣ ಅಂತ ಮುಂದುವರಿದೆ. ನಮ್ಮದು ಜಿಓಡಿ-ಪಿಓಡಿ ವಿಧಾನ. ಮೂರು ಟ್ಯೂಬುಗಳಲ್ಲಿ 1 ಮಿಲಿಲೀಟರ್ ರೀಜೆಂಟ್ ಹಾಕಿದೆ. ಒಂದು ಬ್ಲಾಂಕ್, ಅಂದರೆ ಬರೀ ರೀಜೆಂಟ್. ಇನ್ನೊಂದಕ್ಕೆ 10 ಮೈಕ್ರೋಲೀಟರ್ ಸ್ಟ್ಯಾಂಡರ್ಡ್, ಅಂದರೆ ಡೆಸಿಲೀಟರಿಗೆ 100 ಮಿಲಿಗ್ರಾಂ ಗ್ಲೂಕೋಸ್ ಇರುವ ದ್ರಾವಣ. ಮೂರನೆಯದಕ್ಕೆ 10 ಮೈಕ್ರೋಲೀಟರ್ ಸೀರಮ್. 37 ಡಿಗ್ರಿಯಲ್ಲಿ 10 ನಿಮಿಷ ಇಟ್ಟು, ಬ್ಲಾಂಕಿನಿಂದ ಸೊನ್ನೆ ಮಾಡಿಕೊಂಡು, 505 ನ್ಯಾನೋಮೀಟರಿನಲ್ಲಿ ಓದಿದೆ. ಓಡಿ ಅಂದರೆ ದ್ರಾವಣ ಎಷ್ಟು ಬೆಳಕು ಹೀರಿತು ಎಂಬ ಅಳತೆ; ಸ್ಟ್ಯಾಂಡರ್ಡಿನದು 0.300, ಸ್ಯಾಂಪಲ್ಲಿನದು 0.282. ಲೆಕ್ಕ ಸುಲಭ:

0.282 ÷ 0.300 × 100 = 94

ಡೆಸಿಲೀಟರಿಗೆ 94 ಮಿಲಿಗ್ರಾಂ. ಪೂರ್ತಿ ನಾರ್ಮಲ್. ರಿಜಿಸ್ಟರಿನಲ್ಲಿ ಬರೆದೂ ಆಯಿತು.

ನಮ್ಮ ಸೀನಿಯರ್ ಮೇಡಂ ರಿಜಿಸ್ಟರ್ ನೋಡಿದವರು ಆ ಟ್ಯೂಬ್ ಎತ್ತಿ ಹಿಡಿದು, "ಇದರ ಸ್ಯಾಂಪಲ್ ಬ್ಲಾಂಕ್ ಇಟ್ಟಿದ್ದೀಯಾ?" ಎಂದರು.

"ಇಲ್ಲ ಮೇಡಂ. ವ್ಯಾಲ್ಯೂ ಸರಿ ಇದೆಯಲ್ಲ ಅಂತ..."

"ಸರಿ ಇದೆ ಅಂತ ಯಾರು ಹೇಳಿದರು? ಈ ಸೀರಮ್ಮಿನಲ್ಲಿ 94 ಬಂದಿದೆ ಅಷ್ಟೇ."

ಸ್ಯಾಂಪಲ್ ಬ್ಲಾಂಕ್ ಇಟ್ಟೆ. ರೀಜೆಂಟಿನ ಬದಲು 1 ಮಿಲಿಲೀಟರ್ ಸಲೈನ್, ಅದಕ್ಕೆ ಅದೇ 10 ಮೈಕ್ರೋಲೀಟರ್ ಸೀರಮ್. ಸಲೈನಿನಿಂದ ಸೊನ್ನೆ ಮಾಡಿ ಓದಿದರೆ 0.030. ಗ್ಲೂಕೋಸಿಗೆ ಸಂಬಂಧವೇ ಇಲ್ಲದ, ಬರೀ ಹಿಮೋಗ್ಲೋಬಿನ್ನಿನ ಬಣ್ಣ ಇದು. ಅದನ್ನು ಕಳೆದರೆ 0.252, ಅಂದರೆ 84.

ಇದು ಯಾಕೆ ಆಗುತ್ತದೆ ಅಂದರೆ, ಈ ಟೆಸ್ಟಿನ ಬಣ್ಣವೂ ಕೆಂಪು, ತಪ್ಪಿನ ಬಣ್ಣವೂ ಕೆಂಪು. ಗ್ಲೂಕೋಸ್ ಆಕ್ಸಿಡೇಸ್ ಗ್ಲೂಕೋಸನ್ನು ಗ್ಲುಕೋನಿಕ್ ಆಮ್ಲ ಮಾಡುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಪೆರಾಕ್ಸಿಡೇಸ್ ಅದನ್ನು ಬಳಸಿ ಫೀನಾಲ್ ಮತ್ತು 4-ಅಮೈನೋಆಂಟಿಪೈರಿನ್ ಸೇರಿಸಿ ಗುಲಾಬಿಗೆಂಪು ಬಣ್ಣ ಕೊಡುತ್ತದೆ. ಹಿಮೋಗ್ಲೋಬಿನ್ ಕೂಡ 505ರಲ್ಲಿ ಒಂದಿಷ್ಟು ಬೆಳಕು ಹೀರುತ್ತದೆ. ಯಂತ್ರಕ್ಕೆ ಎರಡರ ನಡುವೆ ಭೇದ ಗೊತ್ತಾಗುವುದಿಲ್ಲ.

ಆದರೆ ಒಂದು ಮಾತು. 10 ಮೈಕ್ರೋಲೀಟರ್ ಸೀರಮ್ 1 ಮಿಲಿಲೀಟರಿಗೆ ಬಿದ್ದರೆ ನೂರು ಪಟ್ಟು ತೆಳುವಾಗುತ್ತದೆ. ಹಾಗಾಗಿ ಸೀರಮ್ ನಸುಗೆಂಪಗಿದ್ದರೆ ಬಣ್ಣದಿಂದ ಬರುವ ವ್ಯತ್ಯಾಸ ಒಂದೆರಡು ಮಿಲಿಗ್ರಾಂ ಅಷ್ಟೇ. ಹತ್ತು ಮಿಲಿಗ್ರಾಂ ಏರಬೇಕು ಅಂದರೆ ಸೀರಮ್ಮಿನಲ್ಲಿ ಡೆಸಿಲೀಟರಿಗೆ ಸುಮಾರು 1 ಗ್ರಾಂ ಹಿಮೋಗ್ಲೋಬಿನ್ ಇರಬೇಕು, ಅಂದರೆ ಈ ಟ್ಯೂಬಿನ ಹಾಗೆ ಕಣ್ಣಿಗೆ ಹೊಡೆಯುವಷ್ಟು ಕೆಂಪು.

ಹಾಗಾದರೆ 84 ಅಂತ ಕೊಡಬಹುದಾ? ಇಲ್ಲ. ಸ್ಯಾಂಪಲ್ ಬ್ಲಾಂಕ್ ಬಣ್ಣವನ್ನು ಮಾತ್ರ ಕಳೆಯುತ್ತದೆ. ಕೆಂಪು ರಕ್ತಕಣ ಒಡೆದಾಗ ಅದರೊಳಗಿನ ಕ್ಯಾಟಲೇಸ್ ಕೂಡ ಸೀರಮ್ಮಿಗೆ ಬಂದಿರುತ್ತದೆ. ಅದು ಪೆರಾಕ್ಸಿಡೇಸಿಗೆ ಸಿಗಬೇಕಾದ ಹೈಡ್ರೋಜನ್ ಪೆರಾಕ್ಸೈಡನ್ನು ತಾನೇ ಒಡೆದು ಹಾಕಿದರೆ ಬಣ್ಣ ಕಡಿಮೆ ಬರುತ್ತದೆ. ಸಲೈನಿನಲ್ಲಿ ಈ ಕ್ರಿಯೆ ನಡೆಯುವುದೇ ಇಲ್ಲ, ಹಾಗಾಗಿ ಅದರ ಲೆಕ್ಕ ನಮಗೆ ಸಿಗುವುದಿಲ್ಲ. ಹೀಗೆ ಕಣ ಒಡೆದು ಹೀಮೊಲೈಸ್ ಆದ ಸೀರಮ್ಮಿನಲ್ಲಿ ಒಂದು ಕಿಟ್ ಜಾಸ್ತಿ, ಇನ್ನೊಂದು ಕಿಟ್ ಕಡಿಮೆ ತೋರಿಸುವುದಕ್ಕೂ ಇದು ಒಂದು ಕಾರಣ.

ಇಷ್ಟರ ಮೇಲೆ ನಾಲ್ಕು ಗಂಟೆಯ ತಡ. ಟ್ಯೂಬಿನಲ್ಲಿ ರಕ್ತಕಣಗಳು ಬದುಕಿಯೇ ಇರುತ್ತವೆ, ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಕೋಣೆಯ ಬಿಸಿಯಲ್ಲಿ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಯುತ್ತದೆ. ಗಂಟೆಗೆ 6 ಶೇಕಡಾ ಅಂತ ಇಟ್ಟುಕೊಂಡರೆ ನಾಲ್ಕು ಗಂಟೆಯಲ್ಲಿ ಉಳಿಯುವುದು ಮೊದಲಿನ 78 ಶೇಕಡಾ. 84ನ್ನು 0.78ರಿಂದ ಭಾಗಿಸಿ ನೋಡಿ, 108ರ ಹತ್ತಿರ ಬರುತ್ತದೆ. ತಡ ಆಗಿದ್ದು ಸಂಖ್ಯೆಯನ್ನು ಕೆಳಗೆ ಎಳೆದಿತ್ತು, ಬಣ್ಣ ಅದನ್ನು ಸ್ವಲ್ಪ ಮೇಲಕ್ಕೆ ಎತ್ತಿತ್ತು. ಖಾಲಿ ಹೊಟ್ಟೆಯಲ್ಲಿ 100 ದಾಟಿದವರಿಗೆ ನಾವು ನಾರ್ಮಲ್ ಅಂತ ಚೀಟಿ ಕೊಡುವವರಿದ್ದೆವು.

ಈ 108ನ್ನೂ ರಿಪೋರ್ಟಿನಲ್ಲಿ ಬರೆಯುವ ಹಾಗಿಲ್ಲ. ಇಳಿಯುವ ವೇಗ ಎಲ್ಲರಲ್ಲೂ ಒಂದೇ ಅಲ್ಲ. ಬಿಳಿ ರಕ್ತಕಣ ತುಂಬಾ ಜಾಸ್ತಿ ಇದ್ದವರಲ್ಲಿ ಗ್ಲೂಕೋಸ್ ಇನ್ನೂ ಬೇಗ ಖಾಲಿಯಾಗುತ್ತದೆ. ಬಿಸಿ ಜಾಗದಲ್ಲಿಟ್ಟರೂ ಹಾಗೇ. ಮೇಡಂ 94ನ್ನು ಹೊಡೆದು ಹಾಕಿ, "ಸ್ಯಾಂಪಲ್ ಹೀಮೊಲೈಸ್ ಆಗಿದೆ, ತಡವಾಗಿ ಬಂದಿದೆ, ಮತ್ತೆ ಕಳಿಸಿ" ಎಂದು ಬರೆಸಿದರು. ಮಾರನೇ ದಿನ, ಗ್ಲೂಕೋಸ್ ಇಳಿಯುವುದನ್ನು ತಡೆಯುವ ಫ್ಲೋರೈಡ್ ಟ್ಯೂಬಿನಲ್ಲಿ ಬಂದ ಖಾಲಿ ಹೊಟ್ಟೆಯ ಸ್ಯಾಂಪಲ್ಲಿನಲ್ಲಿ 111 ಬಂತು.

ನನಗೆ ಆ ಇಳಿತವನ್ನು ಕಣ್ಣಾರೆ ನೋಡಬೇಕು ಅನಿಸಿತು. ನನ್ನದೇ ರಕ್ತ ತೆಗೆಸಿ ಕೆಲವು ಪ್ಲೇನ್ ಟ್ಯೂಬಿಗೂ ಒಂದು ಫ್ಲೋರೈಡ್ ಟ್ಯೂಬಿಗೂ ಹಂಚಿದೆ. ಒಂದು ಪ್ಲೇನ್ ಟ್ಯೂಬನ್ನು ಹೆಪ್ಪುಗಟ್ಟಿದ ತಕ್ಷಣ, ಅರ್ಧ ಗಂಟೆಗೆ ತಿರುಗಿಸಿ ಸೀರಮ್ ಬೇರೆ ಮಾಡಿದೆ: 96. ಉಳಿದವನ್ನು ಕಣಗಳ ಮೇಲೆಯೇ ಬಿಟ್ಟೆ. ಆಮೇಲೆ ಒಂದು ಗಂಟೆ ಕಳೆದಾಗ 90, ಎರಡಕ್ಕೆ 85, ನಾಲ್ಕಕ್ಕೆ 75. ಮೊದಲೇ ಬೇರೆ ಮಾಡಿಟ್ಟಿದ್ದ ಸೀರಮ್ಮನ್ನು ನಾಲ್ಕು ಗಂಟೆಯ ನಂತರ ಮತ್ತೆ ಓದಿದರೆ 95. ಕಣಗಳಿಂದ ದೂರ ಆದ ಮೇಲೆ ಗ್ಲೂಕೋಸನ್ನು ತಿನ್ನುವವರಿಲ್ಲ.

ಫ್ಲೋರೈಡ್ ಟ್ಯೂಬಿನಲ್ಲಿ ಒಂದು ಗಂಟೆಗೆ 93, ನಾಲ್ಕು ಗಂಟೆಗೆ 92. ಫ್ಲೋರೈಡ್ ಹಾಕಿದರೂ ಮೊದಲು ಸ್ವಲ್ಪ ಇಳಿಯಿತಲ್ಲ, ಅದು ಟ್ಯೂಬಿನ ದೋಷ ಅಲ್ಲ. ಫ್ಲೋರೈಡ್ ತಡೆಯುವುದು ಇನೋಲೇಸ್ ಎಂಬ ಕಿಣ್ವವನ್ನು, ಅದು ಗ್ಲೂಕೋಸ್ ಒಡೆಯುವ ಸರಣಿಯ ಕೊನೆಯ ಹಂತಗಳಲ್ಲಿದೆ. ಮೇಲಿನ ಹಂತಗಳು ನಿಲ್ಲಲು ಒಂದೆರಡು ಗಂಟೆ ಬೇಕು. ಅಷ್ಟರೊಳಗೆ ಕೆಲವು ಮಿಲಿಗ್ರಾಂ ಹೋಗಿರುತ್ತದೆ, ಆಮೇಲೆ ನಿಲ್ಲುತ್ತದೆ. ತಕ್ಷಣ ತಿರುಗಿಸಲು ಆಗದ ಕಡೆ ಬೂದು ಮುಚ್ಚಳದ ಈ ಫ್ಲೋರೈಡ್ ಟ್ಯೂಬೇ ಬೇಕು ಅಂತ ನಾನು ಪಟ್ಟು ಹಿಡಿಯುವುದು ಇದಕ್ಕೇ. ತೆಗೆದ ಕೂಡಲೇ ಎಂಟು ಸಲ ಮೆಲ್ಲಗೆ ತಲೆಕೆಳಗು ಮಾಡಿದರೆ ಸಾಕು. ಜೋರಾಗಿ ಕುಲುಕಿದರೆ ಮತ್ತೆ ಹೀಮೊಲಿಸಿಸ್.

ಹೀಮೊಲಿಸಿಸ್ ಬಗ್ಗೆ ರಕ್ತ ತೆಗೆಯುವ ಹುಡುಗರ ಹತ್ತಿರ ಕೇಳಿದಾಗ ಸಿಕ್ಕ ಕಾರಣ ಹೆಚ್ಚಾಗಿ ಎರಡೇ. ಸಿರಿಂಜನ್ನು ಜೋರಾಗಿ ಎಳೆದದ್ದು, ಮತ್ತು ಸೂಜಿ ತೆಗೆಯದೆ ರಕ್ತವನ್ನು ಟ್ಯೂಬಿಗೆ ಒತ್ತಿ ಬಿಟ್ಟದ್ದು. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಕೆಂಪಾದ ಟ್ಯೂಬನ್ನೇ ತೋರಿಸಿ, ಇದರಿಂದ ಪೇಶೆಂಟಿಗೆ ಮತ್ತೆ ಚುಚ್ಚಬೇಕಾಯಿತು ಅಂತ ಹೇಳಿದರೆ ಅವರಿಗೆ ತಟ್ಟುತ್ತದೆ.

ಆವತ್ತಿನಿಂದ ನನ್ನ ಗ್ಲೂಕೋಸ್ ರಿಜಿಸ್ಟರಿನಲ್ಲಿ ಓಡಿಗಿಂತ ಮೊದಲು ಮೂರು ಕಾಲಂ ಇವೆ: ತೆಗೆದ ಸಮಯ, ಸೀರಮ್ ಬೇರೆ ಮಾಡಿದ ಸಮಯ, ಸೀರಮ್ಮಿನ ಬಣ್ಣ. ಮೂರೂ ತುಂಬಿದ ಮೇಲೆಯೇ ಪಿಪೆಟ್ ಕೈಗೆ ತೆಗೆದುಕೊಳ್ಳುತ್ತೇನೆ.