ಕಟ್ಟಿದ ಕಂತು 22,900, ಅಸಲಿಗೆ ಹೋಗಿದ್ದು 580: ನನ್ನ ಅನುಭವ

ಗೃಹಸಾಲದ ಕಂತನ್ನು ನಾನಾಗಿಯೇ ಜಾಸ್ತಿ ಮಾಡಿಸಿಕೊಳ್ಳುತ್ತೇನೆ ಅಂದಾಗ ಆಫೀಸಿನಲ್ಲಿ ಯಾರೂ ಒಪ್ಪಲಿಲ್ಲ. ನಮ್ಮ ಭಾವನಂತೂ, "ಬ್ಯಾಂಕಿನವರೇ ಕೇಳದೆ ಇರುವಾಗ ನೀನ್ಯಾಕೆ ಹೋಗಿ ಕೊಡ್ತೀಯ? ಸುಮ್ನೆ ಮ್ಯೂಚುವಲ್ ಫಂಡ್ ಎಸ್‌ಐಪಿಗೆ ಹಾಕು" ಅಂದರು. ಈಗ ನನ್ನ ಸಾಲ ಮೂಲ ಅವಧಿಗಿಂತ ಸುಮಾರು ನಾಲ್ಕು ವರ್ಷ ಮೊದಲೇ ಮುಗಿಯುವ ಲೆಕ್ಕದಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಕೊಟ್ಟಿದ್ದು, ನೂರಿನ್ನೂರು ಆಚೀಚೆ ಇರಬಹುದು.

2021ರ ಮಾರ್ಚ್‌ನಲ್ಲಿ ತುಮಕೂರಿನಲ್ಲಿ ಕಟ್ಟಿದ ಮನೆಯನ್ನೇ ಕೊಂಡೆ. ಸಾಲ 30 ಲಕ್ಷ, 20 ವರ್ಷ. ರೆಪೊಗೆ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಜೋಡಿಸಿದ ಬಡ್ಡಿದರ. ಆಗ ರೆಪೊ ಶೇ 4, ಅದರ ಮೇಲೆ ಬ್ಯಾಂಕು ಸೇರಿಸುವ ಸ್ಪ್ರೆಡ್ 2.8, ಒಟ್ಟು ಶೇ 6.8. ಕಂತು 22,900. ಮೊದಲ ತಿಂಗಳು ಬಡ್ಡಿಗೆ 17,000, ಅಸಲಿಗೆ 5,900 ಹೋಯಿತು. ಶುರುವಿನಲ್ಲಿ ಬಡ್ಡಿಯೇ ಜಾಸ್ತಿ ಅಂತ ಎಲ್ಲರಿಗೂ ಗೊತ್ತಲ್ವಾ, ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

2022ರ ಮೇ ತಿಂಗಳಿಂದ ರೆಪೊ ಏರತೊಡಗಿತು. 2023ರ ಫೆಬ್ರುವರಿಗೆ ಶೇ 6.5 ಆಯಿತು, ನನ್ನ ದರ ಶೇ 9.3ಕ್ಕೆ ಬಂತು. ಆದರೆ ಖಾತೆಯಿಂದ ಹೋಗುತ್ತಿದ್ದದ್ದು ಅದೇ 22,900. ಹೊರೆ ಏನೂ ಜಾಸ್ತಿಯಾಗಿಲ್ಲ ಅಂತ ನಾನೂ ನನ್ನ ಹೆಂಡತಿಯೂ ನೆಮ್ಮದಿಯಾಗಿದ್ದೆವು.

ತೆರಿಗೆ ಲೆಕ್ಕಕ್ಕೆ ಅಂತ ಮಾರ್ಚ್‌ನಲ್ಲಿ ಸ್ಟೇಟ್‌ಮೆಂಟ್ ತೆಗೆಸಿದೆ. ಅದರ ಹಿಂದೆಯೇ ಪಟ್ಟಿಯೊಂದಿತ್ತು, ಮೇಲೆ ಅಮಾರ್ಟೈಸೇಷನ್ ಶೆಡ್ಯೂಲ್ ಅಂತ. ಕಂತು, ಬಡ್ಡಿ, ಅಸಲು, ಬಾಕಿ, ನಾಲ್ಕು ಕಾಲಂ. ಬಾಕಿ 28 ಲಕ್ಷ 80 ಸಾವಿರ. ಬಡ್ಡಿ 22,320. ಅಸಲಿನ ಕಾಲಂನಲ್ಲಿ 580. ಒಂದು ಸೊನ್ನೆ ಬಿಟ್ಟುಹೋಗಿದೆಯೇನೋ ಅಂದುಕೊಂಡೆ. ಪುಟ ತಿರುಗಿಸಿ ಕೊನೆಗೆ ಹೋದರೆ ಕಂತಿನ ಸಂಖ್ಯೆ 476. ನನಗಾಗ 41 ವರ್ಷ. ಅಂದರೆ 80 ದಾಟುವವರೆಗೂ ಕಂತು.

ಅಮಾರ್ಟೈಸೇಷನ್ ಅನ್ನುವ ಪದದ ಬೇರಿನಲ್ಲಿ ಸಾವು ಅನ್ನುವ ಅರ್ಥವಿದೆ. ಸಾಲವನ್ನು ಸ್ವಲ್ಪ ಸ್ವಲ್ಪವಾಗಿ ಸಾಯಿಸುತ್ತಾ ಬರುವುದು. ನಮ್ಮ ಮಾತಿನಲ್ಲಿ ಅಸಲು ಕರಗಿಸುವುದು ಅನ್ನೋಣ. ಹಾಗಾಗಿ ಆ ಹಾಳೆಯಲ್ಲಿ ನೋಡಬೇಕಾದದ್ದು ಅಸಲಿನ ಕಾಲಂ ಒಂದೇ. ನನ್ನ 28.8 ಲಕ್ಷ ತಿಂಗಳಿಗೆ 580 ರೂಪಾಯಿಯಂತೆ ಕರಗುತ್ತಿತ್ತು. ದರ ಏರಿದಾಗ ಬ್ಯಾಂಕು ಕಂತನ್ನು ಹಾಗೇ ಇಟ್ಟು ಅವಧಿಯನ್ನು ಎಳೆದಿತ್ತು.

ಆ ರಾತ್ರಿ ಎಕ್ಸೆಲ್ ತೆಗೆದು ಕೂತೆ. ಎಷ್ಟು ಕಂತಿಗೆ ಸಾಲ ಮುಗಿಯುತ್ತೆ ಅಂತ ಹೇಳುವ ಸೂತ್ರ NPER. ಅದಕ್ಕೆ ತಿಂಗಳ ಬಡ್ಡಿದರ, ಕಂತು, ಬಾಕಿ ಕೊಟ್ಟೆ.

```
=NPER(9.3%/12,-22900,2880000)
=NPER(9.3%/12,-28000,2880000)
=NPER(9.55%/12,-22900,2880000)
```

ಮೊದಲನೆಯದಕ್ಕೆ 476 ಬಂತು, ಬ್ಯಾಂಕಿನ ಲೆಕ್ಕ ಸರಿಯೇ ಇತ್ತು. ಎರಡನೆಯದಕ್ಕೆ 207. ತಿಂಗಳಿಗೆ 5,100 ಜಾಸ್ತಿ ಕಟ್ಟಿದರೆ 269 ಕಂತು ಕಡಿಮೆ! ಮೂರನೆಯದು ಸುಮ್ನೆ ಕುತೂಹಲಕ್ಕೆ ಹಾಕಿದ್ದು, ದರ ಇನ್ನೊಂದು ಕಾಲು ಪರ್ಸೆಂಟ್ ಏರಿದರೆ ಏನಾಗುತ್ತೆ ಅಂತ. ಉತ್ತರ `#NUM!` ಅಂತ ಬಂತು. ಬಡ್ಡಿಯೇ 22,920 ಆಗುತ್ತದೆ, ಕಂತು 22,900. ಎಷ್ಟು ವರ್ಷ ಕಟ್ಟಿದರೂ ಸಾಲ ಮುಗಿಯಲ್ಲ, ತಿಂಗಳಿಗೆ 20 ರೂಪಾಯಿಯಿಂದ ಶುರುವಾಗಿ ಬೆಳೆಯುತ್ತಲೇ ಹೋಗುತ್ತದೆ. ಇದಕ್ಕೆ ನೆಗೆಟಿವ್ ಅಮಾರ್ಟೈಸೇಷನ್ ಅನ್ನುತ್ತಾರೆ. ಅದರ ಹೊಸ್ತಿಲಲ್ಲೇ ನಿಂತಿದ್ದೆ ನಾನು.

ಕೈಯಲ್ಲಿ 50,000 ಇತ್ತು. ಆತುರಕ್ಕೆ ಆನ್‌ಲೈನ್‌ನಲ್ಲೇ ಸಾಲದ ಖಾತೆಗೆ ಹಾಕಿಬಿಟ್ಟೆ. ಮುಂದಿನ ಸ್ಟೇಟ್‌ಮೆಂಟ್ ನೋಡಿದರೆ ಕಂತಿನ ಸಂಖ್ಯೆ ಹಾಗೇ ಇದೆ. ಅವರು ಅದನ್ನು ಮುಂದಿನ ಎರಡು ಕಂತಿನ ಮುಂಗಡ ಅಂತ ಇಟ್ಟುಕೊಂಡಿದ್ದರು. ಶಾಖೆಗೆ ಹೋಗಿ, "ಇದು ಅಸಲಿನ ಭಾಗಶಃ ಮರುಪಾವತಿ. ಕಂತು ಹಾಗೇ ಇರಲಿ, ಅವಧಿ ಇಳಿಸಿ" ಅಂತ ಬರೆದುಕೊಟ್ಟ ಮೇಲೆ ಸರಿಯಾಯಿತು. ಈ ಮೂರೂ ಮಾತು ಕಾಗದದಲ್ಲಿ ಇರಲೇಬೇಕು. ಕೊನೆಯ ಎರಡನ್ನು ಬಿಟ್ಟರೆ ಅವಧಿ ಹಾಗೇ ಇಟ್ಟು ಕಂತು ಇಳಿಸುವವರೂ ಇದ್ದಾರೆ.

ಸರಿಯಾದ ಮೇಲೆ ಪಟ್ಟಿ 476ರಿಂದ 410ಕ್ಕೆ ಇಳಿಯಿತು. 50,000ಕ್ಕೆ 66 ಕಂತು! ಆಫೀಸಿನಲ್ಲಿ ಯಾರೂ ನಂಬಲಿಲ್ಲ, ಹಾಳೆ ತೋರಿಸಿದೆ. ಮಾಯ ಏನಿಲ್ಲ. ಮೇಲಿಂದ 66 ಸಾಲುಗಳ ಅಸಲನ್ನು ಕೂಡಿದರೆ ಹತ್ತಿರ ಹತ್ತಿರ 50,000 ಬರುತ್ತದೆ, ಅಷ್ಟೂ ಸಾಲು ಹರಿದುಹೋಯಿತು. ಆದರೆ ಒಂದು ಮಾತು. ಕಂತಿನಲ್ಲಿ ಅಸಲಿನ ಪಾಲು ಸೊರಗಿದಾಗ ಮಾತ್ರ ಇಷ್ಟು ಲಾಭ. ಕಂತು 28,000 ಆದ ಮೇಲೆ ಅದೇ 50,000 ಹಾಕಿದರೆ ಎಂಟು ಕಂತಷ್ಟೇ ಕಡಿಮೆಯಾಗುತ್ತದೆ.

ಕಂತು ಏರಿಸಲು ಮೂರು ಸಲ ಅಲೆದೆ. "ಸಿಸ್ಟಮ್‌ನಲ್ಲಿ ಆಗಲ್ಲ ಸರ್, ಅವಧಿ ತಾನಾಗೇ ಅಡ್ಜಸ್ಟ್ ಆಗುತ್ತೆ" ಅಂದರು ಅಲ್ಲಿನ ಅಧಿಕಾರಿ. ಮೂರನೇ ಸಲ ಪಟ್ಟಿಯ ಕೊನೆಯ ಪುಟ ಮೇಜಿನ ಮೇಲಿಟ್ಟು, "ಮೇಡಂ, 80ರಲ್ಲಿ ನಾನು ಯಾವ ಸಂಬಳದಿಂದ ಕಟ್ಟಲಿ?" ಅಂದೆ. ಅರ್ಜಿ ತೆಗೆದುಕೊಂಡರು. ಅದೇ ವರ್ಷದ ಆಗಸ್ಟ್ 18ಕ್ಕೆ ಆರ್‌ಬಿಐ ಸುತ್ತೋಲೆ ಬಂತು. ದರ ಬದಲಾದಾಗ ಕಂತು ಏರಿಸುವುದೋ, ಅವಧಿ ಎಳೆಯುವುದೋ ಅಂತ ಆರಿಸಿಕೊಳ್ಳುವ ಅವಕಾಶ ಸಾಲಗಾರನಿಗೆ ಕೊಡಬೇಕು, ಅವಧಿ ಎಳೆದು ನೆಗೆಟಿವ್ ಅಮಾರ್ಟೈಸೇಷನ್ ಆಗಬಾರದು, ಮೂರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಕೊಡಬೇಕು ಅಂತ. ನಾನು ಅದಕ್ಕೂ ಮೊದಲೇ ಮಾಡಿಸಿಕೊಂಡಿದ್ದೆ ಅನ್ನುವ ಹೆಮ್ಮೆ ಈಗಲೂ ಇದೆ.

ಹೊಸ ಕಂತಿನ ಮೊದಲ ತಿಂಗಳೇ ಎಡವಟ್ಟಾಯಿತು. ಖಾತೆಯಲ್ಲಿ ದುಡ್ಡಿದ್ದರೂ ಕಂತು ಬೌನ್ಸ್. ಖಾತೆಯಿಂದ ಕಂತು ತಾನಾಗೇ ಕಡಿತವಾಗಲಿ ಅಂತ 2021ರಲ್ಲಿ ಸಹಿ ಹಾಕಿದ್ದ ನ್ಯಾಚ್ ಮ್ಯಾಂಡೇಟ್‌ನ ಮಿತಿ 25,000 ಇತ್ತು. ದಂಡ 590 ರೂಪಾಯಿ. ನನ್ನ ಹಳೇ ಲೆಕ್ಕದಲ್ಲಿ ಅದು ಒಂದು ತಿಂಗಳ ಅಸಲಿಗಿಂತ ಜಾಸ್ತಿ. ಕಂತು ಏರಿಸುವ ಮೊದಲೇ ಮ್ಯಾಂಡೇಟ್ ಬದಲಾಯಿಸಿಕೊಳ್ಳಿ. ನಾನು ಈ ಸಲ 40,000ಕ್ಕೆ ಕೊಟ್ಟಿದ್ದೇನೆ.

ಮಧ್ಯೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ತಿಂಗಳಿಗೊಂದು ಕಂತಿನ ಬದಲು ಹದಿನೈದು ದಿನಕ್ಕೊಮ್ಮೆ ಅರ್ಧರ್ಧ ಕಟ್ಟಿದರೆ ಹೇಗೆ ಅಂತ. 14,000 ಹದಿನೈದು ದಿನ ಮೊದಲೇ ಹೋದರೆ ಉಳಿಯುವುದು 54 ರೂಪಾಯಿ. ನಮ್ಮ ಬ್ಯಾಂಕು ಆ ಅರ್ಧವನ್ನು ಕಂತಿನ ದಿನದವರೆಗೆ ಹಾಗೇ ಇಟ್ಟುಕೊಂಡಿತು, 54 ಕೂಡ ಸಿಗಲಿಲ್ಲ. ಬಿಟ್ಟುಬಿಟ್ಟೆ.

2025ರಲ್ಲಿ ರೆಪೊ ಇಳಿಯಿತು, ವರ್ಷದ ಕೊನೆಗೆ ಶೇ 5.25. ನನ್ನ ದರ 8.05 ಆಯಿತು. ಕಂತು ಇಳಿಸೋಣವಾ ಅಂತ ಕೇಳಿದರು, ಬೇಡ ಅಂದೆ. 28,000 ಹಾಗೇ ಇದೆ. 2024 ಮತ್ತು 2025ರ ಬೋನಸ್‌ನಿಂದ ಐವತ್ತೈವತ್ತು ಸಾವಿರ ಅಸಲಿಗೆ ಹಾಕಿದೆ. ಫ್ಲೋಟಿಂಗ್ ದರದ ಸಾಲವಾದ್ದರಿಂದ ಅದಕ್ಕೆ ಶುಲ್ಕ ಇಲ್ಲ. ಸ್ಪ್ರೆಡ್ ಇಳಿಸಲು ಕೂಡ ಅರ್ಜಿ ಕೊಟ್ಟಿದ್ದೇನೆ. ಯಾರ ಹತ್ತಿರ ಹೇಗೆ ಕೇಳಿದೆ ಅನ್ನುವುದನ್ನು ಕೆಲಸ ಆಗುವವರೆಗೆ ಹೇಳುವುದಿಲ್ಲ.

ಮೊನ್ನೆ ಬಂದ ಪಟ್ಟಿಯಲ್ಲಿ ಬಾಕಿ 24 ಲಕ್ಷ 90 ಸಾವಿರ. ಬಡ್ಡಿ 16,700, ಅಸಲು 11,300. ಕೊನೆಯ ಸಾಲಿನಲ್ಲಿ 136. ಭಾವ ತಮ್ಮ ಸ್ಟೇಟ್‌ಮೆಂಟ್ ತಗೊಂಡು ಭಾನುವಾರ ಮನೆಗೆ ಬರುತ್ತೇನೆ ಅಂದಿದ್ದಾರೆ.