ಎಂಬತ್ತೆರಡೋ, ಎಂಬತ್ಮೂರೋ: ಹಳೇ ಪತ್ರಿಕೆಯ ವಯಸ್ಸನ್ನು ತಿದ್ದಿದ ಕತೆ

ಸಿರ್ಸಿ ಸೀಮೆಯ ನಮ್ಮೂರ ಶಾಲೆಗೆ ನೂರು ವರ್ಷ ತುಂಬಿದಾಗ ಸ್ಮರಣ ಸಂಚಿಕೆಯ ಕೆಲಸ ನನ್ನ ತಲೆಗೆ ಬಂತು. ಅದರಲ್ಲಿ ಊರಿನ ಒಬ್ಬ ಸ್ವಾತಂತ್ರ್ಯ ಹೋರಾಟಗಾರರ ಪರಿಚಯ ಬರೆಯಬೇಕಿತ್ತು. 1932ರ ಕರನಿರಾಕರಣೆಯಲ್ಲಿ ಜೈಲಿಗೆ ಹೋದವರು. ತೀರಿಕೊಂಡಿದ್ದು 1984ರ ನವೆಂಬರ್ 20ರಂದು. ಸಾವಿನ ದಿನದ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರು ಇದ್ದದ್ದು ವಯಸ್ಸಿನ ಬಗ್ಗೆ.

ಮೊಮ್ಮಗ ತಂದುಕೊಟ್ಟ ಫೈಲಿನಲ್ಲಿ ಮೂರು ಕತ್ತರಿಕೆಗಳಿದ್ದವು. ಮರುದಿನದ ದಿನಪತ್ರಿಕೆಯಲ್ಲಿ 82 ವರ್ಷ. ಒಂದು ವಾರಪತ್ರಿಕೆಯ ಶ್ರದ್ಧಾಂಜಲಿಯಲ್ಲಿ "83ನೇ ವಯಸ್ಸಿನಲ್ಲಿ". ಮತ್ತೊಂದು ಪತ್ರಿಕೆಯಲ್ಲಿ 80. ಒಬ್ಬರೇ ಮನುಷ್ಯ, ಒಂದೇ ಸಾವು, ಮೂರು ವಯಸ್ಸು. "ಎರಡು ಪತ್ರಿಕೆ ಹೆಚ್ಚುಕಡಿಮೆ ಒಂದೇ ಹೇಳ್ತಿವೆ, 82 ಅಂತಲೇ ಹಾಕಿಬಿಡಿ ಮಾಸ್ತರೇ" ಅಂದ ಅವ. ನಾನೂ ಮೊದಲು ಹಾಗೇ ಯೋಚಿಸಿದ್ದೆ. ಆದರೆ ಬಹುಮತದಿಂದ ವಯಸ್ಸು ತೀರ್ಮಾನ ಆಗೋದಿಲ್ವಲ್ಲ.

ಮೊದಲು ಮಾಡಿದ್ದು ಒಂದು ಸಣ್ಣ ಲೆಕ್ಕ. ಪ್ರತಿ ವಯಸ್ಸನ್ನೂ ಹುಟ್ಟಿದ ವರ್ಷವನ್ನಾಗಿ ಮಾಡದೆ, ಹುಟ್ಟಿರಬಹುದಾದ ಕಾಲವನ್ನಾಗಿ ಬರೆದುಕೊಂಡೆ. ಸಾಯುವ ದಿನ 82 ತುಂಬಿದ್ದರೆ ಅವರು ಹುಟ್ಟಿದ್ದು 1901ರ ನವೆಂಬರ್ 21ರಿಂದ 1902ರ ನವೆಂಬರ್ 20ರ ಒಳಗೆ. 82 ನಡೆಯುತ್ತಿದ್ದರೆ, ಅಂದರೆ 81 ತುಂಬಿದ್ದರೆ, 1902ರ ನವೆಂಬರ್ 21ರಿಂದ 1903ರ ನವೆಂಬರ್ 20ರ ಒಳಗೆ. ಸುಮ್ನೆ 1984ರಿಂದ 82 ಕಳೆದು "1902" ಎಂದು ಬರೆದಿದ್ದರೆ ಈ ಎರಡು ಸಾಧ್ಯತೆಗಳೂ ಕಣ್ಣಿಗೆ ಬೀಳುತ್ತಿರಲಿಲ್ಲ.

ನಮ್ಮ ಕಡೆ ಹಿರಿಯರು ವಯಸ್ಸು ಹೇಳುವುದೇ ನಡೆಯುವ ವರ್ಷದಲ್ಲಿ. ದಿನಪತ್ರಿಕೆಯ 82 ಎಲ್ಲಿಂದ ಬಂತು ಎಂದು ಅವರ ಸೊಸೆಯನ್ನೇ ಕೇಳಿದೆ. "ಬಾತ್ಮೀದಾರರು ಮನೆಗೆ ಬಂದು ಕೇಳಿದ್ದು. ಎಂಬತ್ತೆರಡು ನಡೀತಾ ಇತ್ತು ಅಂತ ಹೇಳಿದ್ದೆ" ಅಂದರು. ಆ "ನಡೀತಾ ಇತ್ತು" ಅಚ್ಚಿಗೆ ಹೋಗುವಾಗ ಬಿದ್ದುಹೋಗಿದೆ. ಉಳಿದದ್ದು "82 ವರ್ಷ ವಯಸ್ಸಾಗಿತ್ತು". ಬಾತ್ಮೀದಾರರನ್ನು ಬೈಯುವುದಕ್ಕೂ ಆಗುವುದಿಲ್ಲ. ಸಾವಿನ ಮನೆಯಲ್ಲಿ ನಿಂತು "ತುಂಬಿದ್ದೋ, ನಡೆಯೋದೋ" ಎಂದು ಯಾರು ಕೇಳುತ್ತಾರೆ?

ಮುಂದಿನದು ಜಾತಕ. ಹಳದಿಯಾದ ಕಾಗದದಲ್ಲಿ ಶಾಲಿವಾಹನ ಶಕ 1824, ಶುಭಕೃತ್ ಸಂವತ್ಸರ, ಮಾಘ ಶುದ್ಧ ಪಂಚಮಿ, ಸೋಮವಾರ ಎಂದಿತ್ತು. ವಾರಪತ್ರಿಕೆಯಲ್ಲಿ ಬರೆದವರು ಈ ಮನೆಗೆ ಬಳಕೆಯವರೇ, ಜಾತಕ ನೋಡಿದವರೇ. ಅವರ 83 ಹುಟ್ಟಿದ್ದು ಇಲ್ಲಿ. ಶಕಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ ಅಂತ ನಾವೆಲ್ಲ ಕಲಿತಿದ್ದೇವೆ. 1824ಕ್ಕೆ 78 ಕೂಡಿಸಿದರೆ 1902. ಆದರೆ ಶಕವರ್ಷ ಶುರುವಾಗುವುದು ಯುಗಾದಿಗೆ. ಶುಭಕೃತ್ ಸಂವತ್ಸರ 1902ರ ಏಪ್ರಿಲ್‌ನಲ್ಲಿ ಶುರುವಾಗಿ 1903ರ ಮಾರ್ಚ್ ಕೊನೆಯವರೆಗೂ ನಡೆಯಿತು. ಜನವರಿ 1ರಿಂದ ಮುಂದಿನ ಯುಗಾದಿಯವರೆಗಿನ ತಿಥಿಗಳಿಗೆ 78 ಅಲ್ಲ, 79 ಕೂಡಿಸಬೇಕು. ಮಾಘ ಬರುವುದು ಸಾಮಾನ್ಯವಾಗಿ ಜನವರಿ ಕೊನೆ, ಫೆಬ್ರವರಿಯಲ್ಲಿ. ಹಾಗಾಗಿ ಇಸವಿ 1903. ಅವರು 1902 ಹಿಡಿದು 82 ತುಂಬಿತು ಎಂದುಕೊಂಡರು. ಅದರ ಮೇಲೆ ನಮ್ಮ ಪದ್ಧತಿಯಂತೆ ನಡೆಯುವ ವರ್ಷ ಎಣಿಸಿ 83 ಮಾಡಿದರು. ಎರಡು ಕಡೆ ಒಂದೊಂದು ವರ್ಷ ಜಾಸ್ತಿಯಾಗಿದೆ.

ಇಷ್ಟಕ್ಕೇ ನಾನು ನಂಬಲಿಲ್ಲ. ಜಾತಕ ಎಂದರೆ ಅಸಲಿಯೇ ಆಗಬೇಕೆಂದಿಲ್ಲ, ಮದುವೆ ಕಾಲಕ್ಕೆ ಮತ್ತೆ ಬರೆಸಿದ್ದೂ ಇರುತ್ತದೆ. ಅದನ್ನು ಪರೀಕ್ಷೆ ಮಾಡಲು ಇರುವ ದಾರಿ ವಾರ. ತಿಥಿಯೂ ವಾರವೂ ಹೊಂದಬೇಕು. ಹಳೇ ಪಂಚಾಂಗ ಇಟ್ಟುಕೊಂಡಿರುವ ಭಟ್ಟರ ಹತ್ತಿರ ಹೋದೆ. 1903ರಲ್ಲಿ ಮಾಘ ಶುದ್ಧ ಪಂಚಮಿ ಬಂದದ್ದು ಫೆಬ್ರವರಿ 2ರಂದು, ಅವತ್ತು ಸೋಮವಾರವೇ. ಹಿಂದಿನ ವರ್ಷ, 1902ರ ಫೆಬ್ರವರಿಯಲ್ಲಿ, ಅದೇ ತಿಥಿ ಬುಧವಾರ-ಗುರುವಾರದ ಕಡೆ ಬೀಳುತ್ತದೆ. 1904ರಲ್ಲಿ ಶುಕ್ರವಾರದ ಹತ್ತಿರ. ಸೋಮವಾರ ಹೊಂದುವುದು ಮೂರರಲ್ಲಿ ಒಂದಕ್ಕೇ. ಭಟ್ಟರು ಇನ್ನೊಂದು ಮಾತು ಹೇಳಿದರು. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ನಡುರಾತ್ರಿ ದಾಟಿ ಬೆಳಗಿನ ಒಳಗೆ ಹುಟ್ಟಿದ್ದರೆ ಜಾತಕದಲ್ಲಿ ಸೋಮವಾರವೇ ಇರುತ್ತದೆ, ಇಂಗ್ಲಿಷ್ ತಾರೀಖು ಮಾತ್ರ 3 ಆಗುತ್ತದೆ. ಜಾತಕದಲ್ಲಿ ಹಗಲಿನ ಘಟಿ ಬರೆದಿತ್ತು, ಆದ್ದರಿಂದ 2ನ್ನೇ ಇಟ್ಟುಕೊಂಡೆ.

ಹಾಗಾದರೆ 80 ಎಲ್ಲಿಂದ? ಪಿಂಚಣಿ ಕಾಗದದಿಂದ. 1972ರಲ್ಲಿ ಕೇಂದ್ರ ಸರಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ತಂದಾಗ ಇವರೂ ಅರ್ಜಿ ಹಾಕಿದ್ದರು. ಅದರಲ್ಲಿ ಶಾಲೆಯ ದಾಖಲೆಯ ಜನ್ಮದಿನ ಹಾಕಿದ್ದಾರೆ: 1-6-1904. ನಮ್ಮ ಶಾಲೆಯ ಹಳೇ ರಿಜಿಸ್ಟರ್ ತೆಗೆದರೆ ಒಂದೇ ಪುಟದಲ್ಲಿ ಎಷ್ಟೋ ಮಕ್ಕಳು ಜೂನ್ 1ಕ್ಕೇ ಹುಟ್ಟಿದ್ದಾರೆ! ಶಾಲೆ ಶುರುವಾಗುವ ಹೊತ್ತಿಗೆ ಮಾಸ್ತರು ಹುಡುಗನ ಎತ್ತರ ನೋಡಿ ಒಂದು ವರ್ಷ ಅಂದಾಜು ಮಾಡಿ, ತಾರೀಖು ಕೇಳಿದರೆ ಮನೆಯವರಿಗೆ ತಿಳಿಯದೆ, ಜೂನ್ 1 ಬರೆದದ್ದು. ಇಂಥ ತಾರೀಖು ಸಿಕ್ಕರೆ ಪಕ್ಕದ ಹತ್ತು ಹೆಸರು ನೋಡಿ. ಅಲ್ಲೂ ಅದೇ ಇದ್ದರೆ ಅದು ಹುಟ್ಟಿದ ದಿನ ಅಲ್ಲ.

ನನ್ನನ್ನು ಜಾಸ್ತಿ ಮೋಸಗೊಳಿಸಿದ್ದು ಜೈಲಿನ ಕಾಗದ. 1932ರ ಜನವರಿ 20ರಂದು ವಯಸ್ಸು 30 ಎಂದಿತ್ತು. ಇದು 1902ಕ್ಕೆ ಹೊಂದುತ್ತದೆ ಎಂದು ಖುಷಿಯಾದೆ, ಆಮೇಲೆ ನಾಚಿಕೆಯಾಯಿತು. ಅದೇ ಕಟ್ಟಿನಲ್ಲಿದ್ದ ಜೊತೆಯವರ ಕಾಗದಗಳಲ್ಲಿ 25, 30, 35, 40 ಇವೇ ಹೆಚ್ಚು. ಬಾಯಲ್ಲಿ ಕೇಳಿ ಬರೆದ ವಯಸ್ಸು ಐದಕ್ಕೋ ಹತ್ತಕ್ಕೋ ಹೋಗಿ ನಿಲ್ಲುತ್ತದೆ. ಅವತ್ತು ಇವರಿಗೆ 28 ತುಂಬಿ 29 ನಡೆಯುತ್ತಿತ್ತು, ಗುಮಾಸ್ತರ ಕೈಯಲ್ಲಿ ಅದು 30 ಆಗಿದೆ. ಅಂಥ ಕಾಗದದಿಂದ ಒಂದು ವರ್ಷದ ಜಗಳ ತೀರುವುದಿಲ್ಲ.

ಜನನ ನೋಂದಣಿಯನ್ನೂ ಹುಡುಕಿದೆ. ಆ ವರ್ಷದ ಪುಸ್ತಕ ಸಿಗಲಿಲ್ಲ. ಸಿಕ್ಕಿದ್ದರೂ ಮಗುವಿನ ಹೆಸರು ಇರುವುದು ಅಪರೂಪ, "ಇಂಥವರ ಗಂಡು ಮಗು" ಅಷ್ಟೇ. ಅಣ್ಣತಮ್ಮಂದಿರಿದ್ದರೆ ಯಾರದು ಎಂದು ಮತ್ತೆ ಗೊಂದಲ.

ಸಂಚಿಕೆಯಲ್ಲಿ "81 ವರ್ಷ ತುಂಬಿ ತೀರಿಕೊಂಡರು (ಜನನ 2-2-1903, ಜಾತಕದ ಪ್ರಕಾರ). ಆಗಿನ ಪತ್ರಿಕೆಗಳಲ್ಲಿ 80, 82, 83 ಎಂದು ಬಂದಿದೆ" ಎಂದು ಹಾಕಿದೆ. ಕತ್ತರಿಕೆಗಳನ್ನು ಮಾತ್ರ ತಿದ್ದಲಿಲ್ಲ. ಕೆಲವರು ಹಳೇ ಸುದ್ದಿಯನ್ನು ಮತ್ತೆ ಅಚ್ಚು ಹಾಕುವಾಗ ಅಂಕಿಯನ್ನೇ ಬದಲಿಸಿಬಿಡುತ್ತಾರೆ. ಆಮೇಲೆ ಬಂದವರಿಗೆ ಪತ್ರಿಕೆ ಏನು ಹೇಳಿತ್ತು ಎಂಬುದೇ ಗೊತ್ತಾಗುವುದಿಲ್ಲ.

ಉಳಿದದ್ದು ಶಾಲೆಯ ಗೋಡೆಯ ಕಲ್ಲು. ಅದರಲ್ಲಿ ೧೯೦೨–೧೯೮೪ ಎಂದು ಕೊರೆದು ವರ್ಷಗಳಾಗಿವೆ. ಹೊಸ ಕಲ್ಲಿಗೆ ದುಡ್ಡಿಲ್ಲ ಎಂದರು ಸಮಿತಿಯವರು. ಕಲ್ಲು ಕೆತ್ತುವವ ಬಂದು ನೋಡಿ ನಕ್ಕ. "೨ನ್ನ ೩ ಮಾಡೂಕೆ ನಡುವೆ ಒಂದು ಬಗ್ಗು ಸಾಕಲ್ರಾ ಮಾಸ್ತರೇ" ಎಂದ. ಅರ್ಧ ಗಂಟೆಯ ಕೆಲಸ. ಹತ್ತಿರ ಹೋಗಿ ನೋಡಿದರೆ ಆ ಬಗ್ಗು ಮಾತ್ರ ಇನ್ನೂ ಸ್ವಲ್ಪ ಬೆಳ್ಳಗಿದೆ.