ಟೈಲ್ಸ್ ಎಷ್ಟು ಡಬ್ಬ? ಕಂಟ್ರಾಕ್ಟರಿಗೆ ಪತ್ರ ಬರೆದು ಕೇಳಿ

ಹನುಮಂತನಗರದ ಹಳೇ ಮನೆಯೊಂದರ ಮಲಗುವ ಕೋಣೆ. 12 ಅಡಿ ಉದ್ದ, 10 ಅಡಿ 3 ಇಂಚು ಅಗಲ. ರೆಡ್ ಆಕ್ಸೈಡ್ ನೆಲ ಬಿರುಕು ಬಿಟ್ಟಿದೆ, ಟೈಲ್ಸ್ ಹಾಕಿಸಬೇಕು. ಎರಡಡಿ-ಎರಡಡಿ ವಿಟ್ರಿಫೈಡ್ ಟೈಲ್ಸ್ ಎಷ್ಟು ಡಬ್ಬ ಬೇಕಾದೀತು ಎಂದು ನಾಲ್ಕು ಕಡೆ ವಿಚಾರಿಸಿದರೆ ಒಬ್ಬರು 8 ಅನ್ನುತ್ತಾರೆ, ಇನ್ನೊಬ್ಬರು 10, ಮತ್ತೊಬ್ಬರು 11, ಕೊನೆಯವರು 13. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರು ಒಂದೊಂದು ಲೆಕ್ಕ ಹಿಡಿದಿದ್ದಾರೆ, ಅಷ್ಟೆ. ಯಾವ ಲೆಕ್ಕ ಹಿಡಿದರು ಎನ್ನುವುದು ಬಾಯಿಮಾತಿನಲ್ಲಿ ಹೊರಬರುವುದಿಲ್ಲ. ಅದಕ್ಕೇ ಅಳತೆ ಹಾಳೆ ಲಗತ್ತಿಸಿ, ಸಾಮಾನಿನ ಎಸ್ಟಿಮೇಟನ್ನು ಬರಹದಲ್ಲಿ ಕೇಳಬೇಕು. ಕೇಳುವ ಮುಂಚೆ ಆ ನಾಲ್ಕು ಉತ್ತರಗಳು ಎಲ್ಲಿಂದ ಬಂದವು ಎಂದು ನೋಡಿಬಿಡೋಣ. ಪತ್ರದಲ್ಲಿ ಏನು ಬರೆಯಬೇಕು ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಕೋಣೆಯ ವಿಸ್ತೀರ್ಣ 123 ಚದರಡಿ. ಈ ಸೈಜಿನ ಡಬ್ಬದಲ್ಲಿ ಸಾಮಾನ್ಯವಾಗಿ ನಾಲ್ಕು ಟೈಲ್ಸ್ ಇರುತ್ತವೆ, ಹಾಸಿದರೆ ಸುಮಾರು 15.5 ಚದರಡಿ. 123ನ್ನು 15.5ರಿಂದ ಭಾಗಿಸಿದರೆ 8 ಡಬ್ಬ. ಇದು ಅಂಗಡಿಯ ಕೌಂಟರಿನ ಲೆಕ್ಕ. ತುಂಡು, ಒಡಕು, ಗೋಡೆ ಬುಡದ ಸ್ಕರ್ಟಿಂಗ್ ಯಾವುದೂ ಇದರಲ್ಲಿಲ್ಲ. ಸ್ಕರ್ಟಿಂಗಿಗೆ 14 ಚದರಡಿ ಸೇರಿಸಿ, ಒಟ್ಟಿನ ಮೇಲೆ ನೂರಕ್ಕೆ ಹತ್ತು ವೇಸ್ಟೇಜ್ ಹಾಕಿದರೆ 10 ಡಬ್ಬ. ಬಹಳಷ್ಟು ಕಂಟ್ರಾಕ್ಟರುಗಳು ಕೊಡುವುದು ಇದನ್ನೇ.

ಇನ್ನು ಮೇಸ್ತ್ರಿಯ ಲೆಕ್ಕ. ನಾವು ಎರಡಡಿ ಟೈಲ್ ಅನ್ನುತ್ತೇವೆ, ಆದರೆ ಅದು 600 ಮಿಲಿಮೀಟರ್, ಎರಡಡಿಗಿಂತ ಸುಮಾರು 10 ಮಿಲಿಮೀಟರ್ ಚಿಕ್ಕದು. ಹಾಗಾಗಿ 12 ಅಡಿಗೆ ಆರು ಟೈಲ್ ಹಿಡಿದ ಮೇಲೂ ಕೊನೆಗೆ ಸುಮಾರು ಎರಡು ಇಂಚಿನ ಒಂದು ಸಂದು ಉಳಿಯುತ್ತದೆ. ಗೋಡೆ ಪಕ್ಕ ಎರಡಿಂಚಿನ ಪಟ್ಟಿ ನೋಡಲು ಚೆನ್ನಾಗಿರುವುದಿಲ್ಲ, ಕತ್ತರಿಸುವಾಗ ಮುರಿಯುವುದೂ ಹೆಚ್ಚು. ಅದಕ್ಕೆ ಒಳ್ಳೆಯ ಮೇಸ್ತ್ರಿ ನಡುವಿನಿಂದ ಹಾಸುತ್ತಾ ಬರುತ್ತಾನೆ: ಮಧ್ಯೆ ಐದು ಇಡೀ ಟೈಲ್, ಎರಡೂ ತುದಿಗೆ ಸುಮಾರು 13 ಇಂಚಿನ ಒಂದೊಂದು ತುಂಡು. 13 ಇಂಚು ಅಂದರೆ ಅರ್ಧ ಟೈಲಿಗಿಂತ ಹೆಚ್ಚು, ಒಂದು ಟೈಲಿನಿಂದ ಒಂದೇ ತುಂಡು ಸಿಗುವುದು. ಅಲ್ಲಿಗೆ ಉದ್ದಕ್ಕೆ ಏಳು ಟೈಲ್. ಅಗಲಕ್ಕೂ ಇದೇ ಕಥೆ, ನಾಲ್ಕು ಇಡೀ ಟೈಲ್ ಮತ್ತು 14 ಇಂಚಿನ ಎರಡು ತುಂಡು, ಒಟ್ಟು ಆರು. ಏಳಾರಲೆ 42 ಟೈಲ್ಸ್. ಹತ್ತೂವರೆ ಡಬ್ಬ, ಅಂದರೆ 11.

13 ಹೇಗೆ ಬಂತು? ಈ 42ರ ಮೇಲೆ ಸ್ಕರ್ಟಿಂಗಿಗೆಂದು ಬೇರೆ 5 ಟೈಲ್ ಹಿಡಿದು, ಎಲ್ಲದಕ್ಕೂ ಇನ್ನೊಮ್ಮೆ ನೂರಕ್ಕೆ ಹತ್ತು ವೇಸ್ಟೇಜ್ ಸೇರಿಸಿದರೆ 52 ಟೈಲ್ಸ್, ಸರಿಯಾಗಿ 13 ಡಬ್ಬ. ಇಲ್ಲಿ ಒಂದೇ ವೇಸ್ಟೇಜ್ ಎರಡು ಸಲ ಬಂದುಬಿಟ್ಟಿದೆ. ಅಂಚಿನ ಟೈಲ್ ಕತ್ತರಿಸಿದಾಗ ಉಳಿಯುವ ಒಂಬತ್ತೂವರೆ, ಹನ್ನೊಂದು ಇಂಚಿನ ಪಟ್ಟಿಗಳನ್ನು ನಾಲ್ಕಿಂಚಿಗೆ ಸೀಳಿದರೆ ಅದೇ ಸ್ಕರ್ಟಿಂಗ್. ಈ ಕೋಣೆಗೆ ಬೇಕಾದದ್ದು 22 ತುಂಡು, ಮೂಲೆಯವನ್ನು ಬಿಟ್ಟರೂ ಉಳಿಕೆಯಲ್ಲಿ 36 ಸಿಗುತ್ತವೆ. ಹೊಸಿಲ ಕೆಳಗಿನ ಪಟ್ಟಿಗೂ ಅದರಲ್ಲೇ ಆಗುತ್ತದೆ.

ಮೊದಲು ಅಳತೆ ಹಾಳೆ

ಮೇಲಿನದನ್ನು ನೋಡಿದರೆ ತಿಳಿಯುತ್ತದೆ, ಕಂಟ್ರಾಕ್ಟರಿಗೆ ‘123 ಚದರಡಿ’ ಎಂದು ಬರೆದುಕೊಟ್ಟರೆ ಪ್ರಯೋಜನವಿಲ್ಲ. ಉದ್ದ, ಅಗಲ ಬೇರೆಬೇರೆಯಾಗಿ ಬೇಕು. ಟೇಪನ್ನು ಗಿಲಾವಿನಿಂದ ಗಿಲಾವಿಗೆ, ನೆಲಕ್ಕೆ ತಾಗಿಸಿ ಹಿಡಿಯಿರಿ. ಉದ್ದವನ್ನು ಎರಡೂ ಗೋಡೆಗಳ ಪಕ್ಕ ಅಳೆಯಿರಿ, ಅಗಲವನ್ನೂ ಹಾಗೆಯೇ. ಬೆಂಗಳೂರಿನ ಹಳೇ ಮನೆಗಳಲ್ಲಿ ಈ ಕಡೆ 12 ಅಡಿ ಇದ್ದರೆ ಆ ಕಡೆ 11 ಅಡಿ 10 ಇಂಚು ಇರುವುದು ಹೊಸದೇನಲ್ಲ. ಎರಡನ್ನೂ ಬರೆಯಿರಿ. ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಎರಡು ಕರ್ಣ ಅಳೆಯಿರಿ. ನಮ್ಮ ಕೋಣೆ ಮೂಲೆಮಟ್ಟಕ್ಕಿದ್ದರೆ ಎರಡೂ 15 ಅಡಿ 9½ ಇಂಚಿನ ಆಸುಪಾಸಿನಲ್ಲಿರಬೇಕು. ಎರಡರ ನಡುವೆ ಒಂದೆರಡು ಇಂಚು ವ್ಯತ್ಯಾಸ ಬಂದರೆ ಒಂದು ಗೋಡೆಯ ಉದ್ದಕ್ಕೂ ತುಂಡುಗಳು ಓರೆಯಾಗಿ ಬರುತ್ತವೆ, ಅದನ್ನು ಕಂಟ್ರಾಕ್ಟರ್ ಮೊದಲೇ ತಿಳಿದಿರಬೇಕು.

ಬರೆಯುವಾಗ ಒಂದು ಎಚ್ಚರ. 10 ಅಡಿ 3 ಇಂಚನ್ನು 10.3 ಎಂದು ಬರೆಯಬೇಡಿ. ಕ್ಯಾಲ್ಕುಲೇಟರಿಗೆ ಹಾಕುವವರು ಅದನ್ನು ಹಾಗೇ ಒತ್ತುತ್ತಾರೆ, ನಿಜವಾದ ಲೆಕ್ಕ 10.25. ಇಂಚು ಹತ್ತು ಹನ್ನೊಂದಾದರೆ ಫಜೀತಿ ಇನ್ನೂ ದೊಡ್ಡದು: 11 ಅಡಿ 10 ಇಂಚನ್ನು 11.10 ಎಂದು ಬರೆದರೆ ಮುಕ್ಕಾಲು ಅಡಿಯೇ ಮಾಯ.

ಬಾಗಿಲು ಎಲ್ಲಿದೆ, ಎಷ್ಟು ಅಗಲ, ಅಲ್ಲಿ ಗೋಡೆಯ ದಪ್ಪ ಎಷ್ಟು, ಗೋಡೆಗೆ ಸೇರಿದ ವಾರ್ಡ್‌ರೋಬ್ ಇದ್ದರೆ ಅದರ ಕೆಳಗೂ ಟೈಲ್ ಹೋಗಬೇಕೋ ಬೇಡವೋ, ಇಷ್ಟನ್ನು ಕೈಯಲ್ಲೇ ಗೀಚಿದ ಚಿತ್ರದಲ್ಲಿ ತೋರಿಸಿದರೆ ಸಾಕು. ಸ್ಕೇಲ್ ಹಿಡಿದು ಅಂದವಾಗಿ ಬರೆಯುವ ಅಗತ್ಯವಿಲ್ಲ.

ಹಾಳೆಯಲ್ಲಿ ಕಾಣದ ಅಳತೆ

ಸಿಮೆಂಟು, ಎಂ-ಸ್ಯಾಂಡಿನ ಲೆಕ್ಕ ಉದ್ದಗಲದಿಂದ ಸಿಗುವುದಿಲ್ಲ, ಆಳ ಬೇಕು. ಹಳೇ ನೆಲ ಅಗೆದು ಹೊಸ ಬೆಡ್ ಹಾಕುವುದಾದರೆ, ಒಂದಕ್ಕೆ ಆರರ ಮಿಶ್ರಣದಲ್ಲಿ ಒಂದೂವರೆ ಇಂಚು ದಪ್ಪಕ್ಕೆ ಈ ಕೋಣೆಗೆ ಸುಮಾರು ಎರಡೂವರೆ ಮೂಟೆ ಸಿಮೆಂಟು, 17-18 ಘನ ಅಡಿ ಮರಳು ಸಾಕು. ಅದೇ ಬೆಡ್ ಎರಡೂವರೆ ಇಂಚಾದರೆ ನಾಲ್ಕು ಮೂಟೆ, 29 ಘನ ಅಡಿ. ಟೈಲ್ ಕೂರಿಸುವ ಮುಂಚೆ ಸುರಿಯುವ ಬರೀ ಸಿಮೆಂಟಿನ ಗಂಜಿ ಬೇರೆ. ನೆಲ ಎಲ್ಲಿ ಎಷ್ಟು ಇಳಿದಿದೆ ಎಂದು ಟ್ಯೂಬ್ ಲೆವೆಲ್ ಹಿಡಿದು ನೋಡದೆ ಯಾರೂ ಇದನ್ನು ಖಚಿತವಾಗಿ ಹೇಳಲಾರರು. ಆದ್ದರಿಂದ ಪತ್ರದಲ್ಲಿ ‘ಎಷ್ಟು ದಪ್ಪ ಹಿಡಿದಿದ್ದೀರಿ’ ಎಂದು ಕೇಳಲೇಬೇಕು. ಅಗೆಯದೆ ಹಳೇ ನೆಲದ ಮೇಲೇ ಅಂಟಿಸುವುದಾದರೆ ಮರಳು ಬೇಡ, ಟೈಲ್ ಅಡೆಸಿವ್ ಮೂಟೆ ಬೇಕು. ಆಗ ನೆಲ ಏರುತ್ತದೆ, ಬಾಗಿಲ ಕೆಳಗೆ ತುಸು ಕೊಯ್ಯಬೇಕಾಗುತ್ತದೆ. ಬಿರುಕು ಬಿಟ್ಟ ನೆಲಕ್ಕೆ ಈ ಹಾದಿಯನ್ನು ನಾನಂತೂ ಹೇಳುವುದಿಲ್ಲ. ಕೆಳಗಿನ ಬಿರುಕು ಮೇಲಕ್ಕೂ ಬರುವ ಸಂಭವವಿದೆ.

ಪತ್ರ

ಮಾದರಿ ಹೀಗಿರಲಿ. ನಿಮ್ಮ ಕೋಣೆ, ಕೆಲಸಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

> ದಿನಾಂಕ: …
>
> ಮಾನ್ಯರೇ,
>
> ವಿಷಯ: ಮಲಗುವ ಕೋಣೆಯ ಟೈಲ್ಸ್ ಕೆಲಸಕ್ಕೆ ಸಾಮಾನಿನ ಎಸ್ಟಿಮೇಟ್
>
> ಹನುಮಂತನಗರದ ನಮ್ಮ ಮನೆಯ ಮೊದಲ ಮಹಡಿಯ ಮಲಗುವ ಕೋಣೆಗೆ ಟೈಲ್ಸ್ ಹಾಕಿಸುವ ಬಗ್ಗೆ ತಮ್ಮೊಡನೆ ಮಾತಾಡಿದ್ದೆ. ಕೋಣೆಯ ಅಳತೆ ಹಾಳೆಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಅಳತೆಗಳು ಗಿಲಾವಿನಿಂದ ಗಿಲಾವಿಗೆ, ಅಡಿ ಮತ್ತು ಇಂಚಿನಲ್ಲಿವೆ. ತಾವು ಒಮ್ಮೆ ಬಂದು ನೋಡಿ, ತಪ್ಪಿದ್ದರೆ ಹಾಳೆಯಲ್ಲೇ ತಿದ್ದಿ ಸಹಿ ಮಾಡಬೇಕಾಗಿ ವಿನಂತಿ.
>
> ಕೆಲಸ: ಹಳೇ ನೆಲ ಅಗೆದು, ಸಿಮೆಂಟ್ ಬೆಡ್ ಮೇಲೆ 600 × 600 ಮಿ.ಮೀ. ವಿಟ್ರಿಫೈಡ್ ಟೈಲ್ಸ್, 2 ಮಿ.ಮೀ. ಸಂದು, ನಾಲ್ಕಿಂಚಿನ ಸ್ಕರ್ಟಿಂಗ್. ವಾರ್ಡ್‌ರೋಬ್ ಕೆಳಗೂ ಟೈಲ್ಸ್ ಹಾಕಬೇಕು. ಟೈಲ್ಸನ್ನು ನಾವೇ ಕೊಡಿಸುತ್ತೇವೆ, ಉಳಿದ ಸಾಮಾನು ತಮ್ಮದು.
>
> ದಯವಿಟ್ಟು ಇವನ್ನು ಬರಹದಲ್ಲಿ ತಿಳಿಸಿ:
>
> ಟೈಲ್ಸ್ ಎಷ್ಟು, ಎಷ್ಟು ಡಬ್ಬ. ಯಾವ ಕಡೆಯಿಂದ ಹಾಸುತ್ತೀರಿ, ಅಂಚಿನ ತುಂಡುಗಳು ಎಷ್ಟೆಷ್ಟು ಇಂಚು ಬರುತ್ತವೆ. ಸ್ಕರ್ಟಿಂಗ್ ಉಳಿಕೆ ತುಂಡಿನಲ್ಲೋ, ಬೇರೆ ಟೈಲಿನಲ್ಲೋ. ವೇಸ್ಟೇಜ್ ಎಷ್ಟು ಹಿಡಿದಿದ್ದೀರಿ.
>
> ಬೆಡ್ಡಿನ ದಪ್ಪ ಮತ್ತು ಮಿಶ್ರಣ. ಸಿಮೆಂಟ್ ಎಷ್ಟು ಮೂಟೆ, ಯಾವ ಕಂಪನಿ. ಎಂ-ಸ್ಯಾಂಡ್ ಎಷ್ಟು ಘನ ಅಡಿ. ಗ್ರೌಟ್ ಎಷ್ಟು ಕೆ.ಜಿ.
>
> ಪ್ರತಿ ಸಾಮಾನಿನ ದರ, ಜಿಎಸ್‌ಟಿ ಸೇರಿಯೋ ಬಿಟ್ಟೋ. ಸಾಮಾನು ಮಹಡಿಗೆ ಹೊರುವ ಕೂಲಿ, ಡೆಬ್ರಿಸ್ ಸಾಗಾಟ ಇದರಲ್ಲಿ ಸೇರಿದೆಯೋ. ಈ ದರ ಎಷ್ಟು ದಿನ ಊರ್ಜಿತ.
>
> ಲೇಬರ್ ಚಾರ್ಜನ್ನು ಬೇರೆ ಹಾಳೆಯಲ್ಲಿ ಕೊಟ್ಟರೆ ಅನುಕೂಲ. ಮುಂದಿನ ಶನಿವಾರದೊಳಗೆ ಉತ್ತರ ನಿರೀಕ್ಷಿಸುತ್ತೇನೆ.
>
> ತಮ್ಮ ವಿಶ್ವಾಸಿ,
> (ಸಹಿ)
>
> ಲಗತ್ತು: ಅಳತೆ ಹಾಳೆ, 1 ಪುಟ

ಪತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೂ ಅಡ್ಡಿಯಿಲ್ಲ. ಆದರೆ ಅಳತೆ ಹಾಳೆ ಮತ್ತು ಪತ್ರ ಒಂದೇ ಪಿಡಿಎಫ್‌ನಲ್ಲಿರಲಿ. ಫೋಟೋ ಬೇರೆ, ಮೆಸೇಜ್ ಬೇರೆ ಆದರೆ ಯಾವ ಅಳತೆಗೆ ಯಾವ ಎಸ್ಟಿಮೇಟ್ ಎನ್ನುವುದೇ ಆಮೇಲೆ ಜಗಳ.

ಉತ್ತರ ಓದುವುದು

‘ಟೈಲ್ಸ್ ಮತ್ತು ಇತರೆ ಸಾಮಾನು’ ಎಂದು ಒಂದೇ ಸಾಲು, ಒಂದೇ ಮೊತ್ತ ಬಂದರೆ ವಾಪಸ್ ಕಳಿಸಿ. ಮರಳು ‘ಒಂದು ಲೋಡ್’ ಎಂದಿದ್ದರೂ ಅಷ್ಟೆ. ಲೋಡು ಗಾಡಿಯ ಅಳತೆ, ಮರಳಿನದ್ದಲ್ಲ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಹಳೇ ಎಸ್ಟಿಮೇಟಿನ ಮೇಲೆ ಹೆಸರು ತಿದ್ದಿ ಕೊಟ್ಟವರ ಹಾಳೆಯಲ್ಲಿ ಇನ್ನೂ 28 ಕುಳಿತಿರುವ ಸಾಧ್ಯತೆ ಇದೆ, ಒಮ್ಮೆ ಕಣ್ಣಾಡಿಸಿ.

ಟೈಲ್ಸ್ 8 ಡಬ್ಬ ಎಂದು ಬಂದರೆ ಅಗ್ಗವಾಯಿತೆಂದು ಹಿಗ್ಗಬೇಡಿ. ಕೆಲಸದ ನಡುವೆ ಮೂರು ಡಬ್ಬ ಕಡಿಮೆ ಬಿದ್ದು ಅಂಗಡಿಗೆ ಓಡಿದಾಗ ಅದೇ ಬ್ಯಾಚ್ ಸಿಗದಿದ್ದರೆ, ಅದೇ ಡಿಸೈನಿನಲ್ಲೂ ಬಣ್ಣ ಒಂದು ಛಾಯೆ ಆಚೀಚೆ ಇರುತ್ತದೆ. ಕಿಟಕಿ ಬೆಳಕಿಗೆ ಅದು ಎದ್ದು ಕಾಣುತ್ತದೆ. ಹಾಗಾಗಿ ಬೇಕಾದಷ್ಟೂ ಡಬ್ಬಗಳನ್ನು ಒಂದೇ ಸಲ, ಮೇಲಿನ ಬ್ಯಾಚ್ ನಂಬರ್ ಒಂದೇ ಇದೆಯೇ ಎಂದು ನೋಡಿಕೊಂಡು ತನ್ನಿ.

13 ಎಂದು ಬಂದರೆ ಕೂಡಲೇ ಕಂಟ್ರಾಕ್ಟರನ್ನು ಕಳ್ಳನೆನ್ನಬೇಡಿ. ‘ಸರ್, ಸ್ಕರ್ಟಿಂಗ್ ಉಳಿಕೆ ತುಂಡಿನಲ್ಲಿ ಬರೋದಿಲ್ವಾ?’ ಎಂದು ಕೇಳಿ. ಕೆಲವರು ಬರುವುದಿಲ್ಲ ಎನ್ನಲು ನ್ಯಾಯವಾದ ಕಾರಣವನ್ನೇ ಕೊಡುತ್ತಾರೆ: ಟೈಲಿನಲ್ಲಿ ಅಮೃತಶಿಲೆಯಂಥ ಉದ್ದ ಗೆರೆಗಳಿದ್ದರೆ ಉಳಿಕೆ ಪಟ್ಟಿಗಳಲ್ಲಿ ಗೆರೆ ಅಡ್ಡಾದಿಡ್ಡಿಯಾಗುತ್ತದೆ. ಟೈಲ್ ಒಂದೇ ಬಣ್ಣದ್ದಾದರೆ ಆ ಮಾತು ನಿಲ್ಲುವುದಿಲ್ಲ. ಆಗ 11 ಡಬ್ಬಕ್ಕೆ, ಮುಂದೆಂದಾದರೂ ಒಡೆದರೆ ಇರಲಿ ಎಂದು ಇನ್ನೊಂದು ಸೇರಿಸಿ 12ಕ್ಕೆ ಒಪ್ಪಿ. ಒಡೆಯದ ಡಬ್ಬ ವಾಪಸ್ ತೆಗೆದುಕೊಳ್ಳುತ್ತಾರೋ ಎಂದು ಅಂಗಡಿಯಲ್ಲೂ ಕೇಳಿ, ಹೌದೆಂದರೆ ಬಿಲ್ಲಿನ ಮೇಲೇ ಬರೆಸಿಕೊಳ್ಳಿ.